ಪದಚರ್ಚೆ: ‘ಬೈಟ್ ಆರ್ಡರ್ ಮಾರ್ಕ್’ ತೆಗೆಯುವುದನ್ನು ಕನ್ನಡದಲ್ಲಿ ಹೇಗೆ ಬರೆಯೋಣ? ನಾಳೆ ಸಂಜೆಯೊಳಗೆ ಬೇಕು

ಅನುವಾದಕಿ, ಪೊನ್ನಂಪೇಟೆ

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕಾಫಿ ಬೆಳೆಗಾರರ ಗುಂಪೊಂದು ತೋಟತೋಟದ ಮಳೆ ಲೆಕ್ಕವನ್ನು ಒಂದೆಡೆ ಸೇರಿಸುತ್ತಿದೆ. ಅವರವರು ತಮ್ಮ ಕಂಪ್ಯೂಟರಿನಲ್ಲಿ ಬರೆದು ಸಿಎಸ್‌ವಿ ಫೈಲ್ ಕಳಿಸುತ್ತಾರೆ, ಒಂದು ಪೈಥಾನ್ ಪ್ರೋಗ್ರಾಂ ಅವನ್ನೆಲ್ಲ ಓದುತ್ತದೆ. ಆದರೆ ಕೆಲವರ ಫೈಲ್ ಬಂದಾಗ ಮಾತ್ರ ಪ್ರೋಗ್ರಾಂ ಹೀಗೆ ಹೇಳಿ ನಿಂತುಬಿಡುತ್ತದೆ:

```
KeyError: 'ಊರು'
```

ಫೈಲನ್ನು ತೆರೆದು ನೋಡಿದರೆ ಮೊದಲ ಕಾಲಮ್ಮಿನ ತಲೆಯಲ್ಲಿ ‘ಊರು’ ಎಂದೇ ಇದೆ. ಕಾರಣ ಬೈಟ್ ಆರ್ಡರ್ ಮಾರ್ಕ್ ಎಂದೂ, ಪಾರ್ಸ್ ಮಾಡುವ ಮೊದಲು ಅದನ್ನು ತೆಗೆಯಬೇಕೆಂದೂ ಇಂಗ್ಲಿಷ್ ಸೂಚನೆಯಲ್ಲಿದೆ. ಆ ಸೂಚನೆಯ ಕನ್ನಡ ಹಾಳೆ ನಾಳೆ ಸಂಜೆ ಗೋಣಿಕೊಪ್ಪಲಿನಲ್ಲಿ ಅಚ್ಚಿಗೆ ಹೋಗಬೇಕು. ನಾನು ‘ಬೈಟ್ ಕ್ರಮ ಚಿಹ್ನೆ’ ಎಂದು ಬರೆದಿದ್ದೆ. ಕರಡು ಓದಿದವರೊಬ್ಬರು ‘ಹಾಗಾದರೆ ಕಾಲಮ್ಮುಗಳ ಕ್ರಮ ಬದಲಿಸಬೇಕೆ?’ ಎಂದು ಕೇಳಿದರು. ಅದರ ಬದಲು ಯಾವ ಪದ ಬಳಸಲಿ? ಪಾರ್ಸ್ ಮಾಡುವುದಕ್ಕೂ ಒಂದು ಕ್ರಿಯಾಪದ ಬೇಕು.

ನಿವೃತ್ತ ಅಧ್ಯಾಪಕರು, ವಿರಾಜಪೇಟೆ

ಆ ಮೂರು ಪದಗಳಲ್ಲಿ ಒಂದೂ ಕನ್ನಡದ್ದಲ್ಲ. ‘ಗುರುತು’ ಎಂಬ ಪದ ಮನೆಯಲ್ಲೇ ಇರುವಾಗ ‘ಚಿಹ್ನೆ’ಯನ್ನು ಏಕೆ ಕರೆತರುತ್ತೀರಿ? ಹಳಗನ್ನಡದಲ್ಲಿ ಅದು ಶಕಟರೇಫದ ‘ಗುಱುತು’. ‘ಗುಱಿ’ ಅದೇ ಬೇರಿನದು, ತಮಿಳಿನ ‘ಕುಱಿ’ ಅದರ ಒಡಹುಟ್ಟು. ‘ಮೊದಲ್ಗುರುತು’ ಎಂದು ಬರೆಯಿರಿ. ಪಾರ್ಸ್ ಮಾಡುವುದಕ್ಕೆ ‘ಬಿಡಿಸು’ ಧಾರಾಳವಾಗಿ ಸಾಕು. ಒಗಟು ಬಿಡಿಸುತ್ತೇವೆ, ಲೆಕ್ಕ ಬಿಡಿಸುತ್ತೇವೆ, ಸಿಎಸ್‌ವಿಯನ್ನೂ ಬಿಡಿಸಬಹುದು.

ವರದಿಗಾರ, ಸೋಮವಾರಪೇಟೆ

ನಮ್ಮ ಹಳೆಯ ನುಡಿ ಫೈಲುಗಳಲ್ಲೂ ಇದೇ ತೊಂದರೆ. ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಫಾಂಟ್ ಪರಿವರ್ತಕದಲ್ಲಿ ಹಾಯಿಸಿದರೆ ಸರಿಹೋಗುತ್ತದೆ. ಹಾಳೆಯಲ್ಲಿ ‘ಫಾಂಟ್ ಪರಿವರ್ತನೆ’ ಎಂದು ಬರೆದರೆ ಎಲ್ಲರಿಗೂ ತಿಳಿಯುತ್ತದೆ.

ತಂತ್ರಾಂಶ ಬರೆಯುವವರು, ಮಡಿಕೇರಿ

ಸರ್, ನಿಮ್ಮದು ಬೇರೆ ರೋಗ. ಹಳೆಯ ನುಡಿ ಫೈಲಿನಲ್ಲಿ ಪಠ್ಯವಿಡೀ ಬೇರೆ ಸಂಕೇತದಲ್ಲಿರುತ್ತದೆ. ಅಕ್ಕನ ಫೈಲಿನಲ್ಲಿ ಪ್ರತಿಯೊಂದು ಅಕ್ಷರವೂ ಸರಿಯಾಗಿದೆ, ಎಲ್ಲಕ್ಕಿಂತ ಮುಂದೆ ಕಣ್ಣಿಗೆ ಕಾಣದ ಒಂದು ಸಂಕೇತ ಹೆಚ್ಚಾಗಿ ಕುಳಿತಿದೆ, ಅಷ್ಟೇ. ಪರಿವರ್ತಕಕ್ಕೆ ಹಾಕಿದರೆ ಇರುವ ಕನ್ನಡವೂ ಕೆಡುತ್ತದೆ.

ಪೈಥಾನಿನಲ್ಲಿ ಆ ಸಾಲಿನ ಕಾಲಮ್ ಹೆಸರುಗಳನ್ನು ಪಟ್ಟಿಯಾಗಿ ಕೇಳಿ ನೋಡಿ:

```
>>> list(row)
['\ufeffಊರು', 'ತಾರೀಖು', 'ಮಳೆ']
```

ಪ್ರೋಗ್ರಾಂ ‘ಊರು’ ಹುಡುಕುತ್ತಿದೆ, ಫೈಲಿನಲ್ಲಿರುವ ಹೆಸರು `\ufeffಊರು`. ಬರಿದೆ ಮುದ್ರಿಸಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಪೈಥಾನ್ ಇದನ್ನು ಖಾಲಿ ಜಾಗ ಎಂದು ಎಣಿಸುವುದಿಲ್ಲವಾದ್ದರಿಂದ `strip()` ಹಾಕಿದರೂ ಹೋಗುವುದಿಲ್ಲ. ಎಕ್ಸೆಲ್‌ನಲ್ಲಿ `CSV UTF-8` ಎಂಬ ಆಯ್ಕೆಯಿಂದ ಉಳಿಸಿದಾಗ ಫೈಲಿನ ಮೊದಲಿಗೆ `EF BB BF` ಎಂಬ ಮೂರು ಬೈಟುಗಳು ಸೇರುತ್ತವೆ. ಬೇರೆ ತಂತ್ರಾಂಶ ಬಳಸಿದವರ ಫೈಲಿನಲ್ಲಿ ಸಾಮಾನ್ಯವಾಗಿ ಅವು ಇರುವುದಿಲ್ಲ. ಕೆಲವರ ಫೈಲ್ ಮಾತ್ರ ತೊಂದರೆ ಕೊಡುವುದು ಇದರಿಂದಲೇ.

ಪದದ ವಿಷಯದಲ್ಲಿ ನನ್ನ ತಕರಾರು ‘ಕ್ರಮ’ದ ಮೇಲೆ. ಯುಟಿಎಫ್-16ರಲ್ಲಿ ಒಂದು ಅಕ್ಷರದ ಎರಡು ಬೈಟುಗಳು ಹಿಂದುಮುಂದಾಗಿ ಬರಬಹುದು, ಯಾವುದು ಮೊದಲು ಎಂದು ಹೇಳಲು ಈ ಗುರುತು ಬೇಕಾಯಿತು. ಯುಟಿಎಫ್-8ರಲ್ಲಿ ಬೈಟುಗಳಿಗೆ ಒಂದೇ ಕ್ರಮ. ಅಲ್ಲಿ ಇದು ‘ನಾನು ಯುಟಿಎಫ್-8 ಫೈಲ್’ ಎಂದು ಸಾರುವ ಮೊಹರು ಮಾತ್ರ. ಪೈಥಾನ್ ಕೂಡ ಇದನ್ನು `utf-8-sig` ಎಂದು, ರುಜು ಎಂಬ ಅರ್ಥದಲ್ಲಿ ಕರೆಯುತ್ತದೆ. ಆದ್ದರಿಂದ ‘ಫೈಲಿನ ಮೊಹರು’ ಎಂದರೆ ಓದುವವರು ದಾರಿ ತಪ್ಪುವುದಿಲ್ಲ.

ನಿವೃತ್ತ ಅಧ್ಯಾಪಕರು, ವಿರಾಜಪೇಟೆ

‘ಮೊಹರು’ ಪಾರಸಿ. ಒಪ್ಪಲಾರೆ.

ವಿದ್ಯಾರ್ಥಿ, ಕುಶಾಲನಗರ

ಇಷ್ಟು ಚರ್ಚೆ ಬೇಕೇ? ಮೂರು ಬೈಟು ತಾನೇ, ಕತ್ತರಿಸಿದರೆ ಮುಗಿಯಿತು. ಕ್ರಿಯಾಪದವೂ ‘ಕತ್ತರಿಸು’ ಎಂದೇ ಇರಲಿ:

```
tail -c +4 male.csv > hosa.csv
```

ಇಲ್ಲದಿದ್ದರೆ ಪಾರ್ಸ್ ಆದಮೇಲೆ ಮೊದಲ ಕಾಲಮ್ಮಿನ ಹೆಸರಿನಿಂದ `\ufeff` ಅಳಿಸಿದರೂ ಆಗುತ್ತದೆ. ‘ಪಾರ್ಸ್ ಮಾಡುವ ಮೊದಲು’ ಎಂಬ ಮಾತೇ ಹಾಳೆಗೆ ಬೇಕಾಗಿಲ್ಲ.

ತಂತ್ರಾಂಶ ಬರೆಯುವವರು, ಮಡಿಕೇರಿ

ಮೊಹರು ಇದ್ದೇ ಇರುವ ಫೈಲಿಗೆ ನಿನ್ನ ಆಜ್ಞೆ ಸರಿ. ಇಲ್ಲದ ಫೈಲಿಗೆ ಕೊಟ್ಟರೆ ಏನಾಗುತ್ತದೆ ನೋಡು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಸರಿಯಾಗಿ ಮೂರು ಬೈಟು. ‘ಊರು’ ಎಂಬುದರಿಂದ ಮೂರು ಬೈಟು ಕತ್ತರಿಸಿದರೆ ‘ಊ’ ಪೂರ್ತಿ ಹೋಗಿ ‘ರು’ ಉಳಿಯುತ್ತದೆ. ಒಡೆದ ಅಕ್ಷರ ಎಲ್ಲಿಯೂ ಕಾಣುವುದಿಲ್ಲ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಒಂದೇ ಫೈಲಿಗೆ ಎರಡು ಸಲ ಓಡಿಸಿದರೂ ಇದೇ ಗತಿ. ಕತ್ತರಿಸಲೇಬೇಕೆಂದರೆ ಮೊದಲು ನೋಡು:

```
head -c 3 male.csv | od -An -tx1
```

`ef bb bf` ಎಂದು ಬಂದರೆ ಮಾತ್ರ ಕೈ ಹಾಕು.

ಎರಡನೆಯ ಮಾತಿಗೆ ನನ್ನ ವಿರೋಧ ಇನ್ನೂ ಹೆಚ್ಚು. ‘ಮೊದಲು’ ಎಂಬ ಪದ ಹಾಳೆಯಲ್ಲಿ ಇರಲೇಬೇಕು. ಮೊದಲ ಕಾಲಮ್ಮಿನ ಹೆಸರಿನಲ್ಲೇ ಅಲ್ಪವಿರಾಮ ಇದೆ ಎಂದುಕೊಳ್ಳೋಣ. ಆಗ ಎಕ್ಸೆಲ್ ಆ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡುತ್ತದೆ:

```
"ಊರು, ಹೋಬಳಿ",ತಾರೀಖು,ಮಳೆ
"ಕಕ್ಕಬ್ಬೆ, ನಾಪೋಕ್ಲು",2024-03-12,1.20
```

ಉದ್ಧರಣ ಚಿಹ್ನೆ ಕಾಲಮ್ಮಿನ ಮೊಟ್ಟಮೊದಲ ಅಕ್ಷರವಾಗಿದ್ದರೆ ಮಾತ್ರ ಪಾರ್ಸರ್ ಅದನ್ನು ಹೊದಿಕೆ ಎಂದು ತಿಳಿಯುತ್ತದೆ. ಮೊಹರು ಅದಕ್ಕಿಂತ ಮುಂದೆ ನಿಂತಿರುವುದರಿಂದ ಚಿಹ್ನೆ ಹೆಸರಿನೊಳಗಿನ ಒಂದು ಅಕ್ಷರವಾಗಿಬಿಡುತ್ತದೆ, ಒಳಗಿನ ಅಲ್ಪವಿರಾಮ ಕಾಲಮ್ಮನ್ನು ಎರಡಾಗಿ ಸೀಳುತ್ತದೆ. ತಲೆಸಾಲಿನಲ್ಲಿ ನಾಲ್ಕು ಹೆಸರು, ಕೆಳಗಿನ ಸಾಲಿನಲ್ಲಿ ಮೂರೇ ಮೌಲ್ಯ. ಫಲ ಇದು:

```
'\ufeff"ಊರು' : 'ಕಕ್ಕಬ್ಬೆ, ನಾಪೋಕ್ಲು'
' ಹೋಬಳಿ"'    : '2024-03-12'
'ತಾರೀಖು'     : '1.20'
'ಮಳೆ'        : None
```

ತಾರೀಖಿನ ಜಾಗದಲ್ಲಿ ಒಂದು ಇಂಚು ಇಪ್ಪತ್ತು ಸೆಂಟು ಮಳೆ ಕುಳಿತಿದೆ, ಮಳೆಯ ಜಾಗ ಖಾಲಿ. ಖಾಲಿಯನ್ನು ಸೊನ್ನೆ ಎಂದು ಎಣಿಸುವ ಪ್ರೋಗ್ರಾಂ ಆದರೆ ಆ ತೋಟಕ್ಕೆ ಹೂಮಳೆಯೇ ಆಗಲಿಲ್ಲ ಎಂದು ಬರೆಯುತ್ತದೆ. ಇಷ್ಟಾದಮೇಲೆ ನೀನು ಹೆಸರಿನಿಂದ `\ufeff` ಅಳಿಸಿದರೆ `"ಊರು` ಉಳಿಯುತ್ತದೆ, ಸೀಳಿದ ಕಾಲಮ್ ಮತ್ತೆ ಕೂಡುವುದಿಲ್ಲ.

ಪೈಥಾನಿನಲ್ಲಿ ಪರಿಹಾರ ಫೈಲನ್ನು ತೆರೆಯುವ ಸಾಲಿನಲ್ಲೇ ಇದೆ:

```
open('male.csv', encoding='utf-8-sig', newline='')
```

ಮೊಹರು ಇದ್ದರೆ ಬಿಟ್ಟು ಓದುತ್ತದೆ, ಇಲ್ಲದಿದ್ದರೆ ಹಾಗೆಯೇ ಓದುತ್ತದೆ. ಯಾರ ಫೈಲ್ ಎಂದು ವಿಚಾರಿಸುವ ಅಗತ್ಯವಿಲ್ಲ.

ಬೆಳೆಗಾರ್ತಿ, ಸಿದ್ದಾಪುರ

ನಾನು ಈ ಮಳೆ ಲೆಕ್ಕಕ್ಕೆ ಫೈಲ್ ಕಳಿಸುವವಳು. ಯಾರೋ ಹೇಳಿದರೆಂದು ಆ ಗುರುತನ್ನು ತೆಗೆಸಿದೆ. ಆಮೇಲೆ ಫೈಲಿನ ಮೇಲೆ ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆದರೆ ‘ಊ’ ಇದ್ದಲ್ಲಿ `à²Š` ಎಂದು ಬರುತ್ತಿದೆ. ಇಡೀ ವರ್ಷದ ಲೆಕ್ಕ ಹಾಗೆಯೇ ಕಾಣುತ್ತಿದೆ. ಕೆಟ್ಟುಹೋಯಿತೇ?

ಮೇಷ್ಟರಿಗೆ ಒಂದು ಮಾತು. ನಮ್ಮ ಕಣದಲ್ಲಿ ಪಾರ್ಚ್‌ಮೆಂಟ್, ಚೆರಿ, ಪಲ್ಪರ್ ಎಂದೇ ಹೇಳುತ್ತೇವೆ. ಕೆಲಸಕ್ಕೆ ಬಂದವರಿಗೆ ಅದೇ ಅರ್ಥವಾಗುತ್ತದೆ. ‘ಕಾಫಿ’ಯೂ ಹೊರಗಿನಿಂದ ಬಂದ ಪದವೇ. ಇವೆಲ್ಲ ಇರಬಹುದಾದರೆ ‘ಮೊಹರು’ ಏಕೆ ಬೇಡ? ಕಚೇರಿಯಲ್ಲಿ ಮೊಹರು ಒತ್ತಿಸಿಕೊಳ್ಳದ ಬೆಳೆಗಾರ ಈ ಜಿಲ್ಲೆಯಲ್ಲಿ ಇಲ್ಲ.

ನಿವೃತ್ತ ಅಧ್ಯಾಪಕರು, ವಿರಾಜಪೇಟೆ

ವಸ್ತುವಿನೊಡನೆ ಬಂದ ಹೆಸರಿಗೆ ನನ್ನ ಅಡ್ಡಿ ಇಲ್ಲ. ಪಲ್ಪರ್ ಎಂಬ ಯಂತ್ರ ಇಲ್ಲಿ ಇರಲಿಲ್ಲ, ಹೆಸರೂ ಇರಲಿಲ್ಲ. ಗುರುತು ಹಾಕುವುದು ಇಲ್ಲಿ ಇತ್ತು, ಪದವೂ ಇತ್ತು. ಇರುವ ಪದವನ್ನು ಮೂಲೆಗೆ ಸರಿಸಿ ಇನ್ನೊಂದನ್ನು ಕೂರಿಸುವುದು ನನಗೆ ಸಹ್ಯವಲ್ಲ. ಸಂಸ್ಕೃತದ್ದಾದರೂ ಅಷ್ಟೇ, ಪಾರಸಿಯದಾದರೂ ಅಷ್ಟೇ.

ವರದಿಗಾರ, ಸೋಮವಾರಪೇಟೆ

ಪತ್ರಿಕೆಯಲ್ಲಿ ಆ ನಿಯಮ ಪಾಲಿಸಿದರೆ ‘ತಾರೀಖು’ ಎಂದೂ ಅಚ್ಚಾಗದು.

ತಂತ್ರಾಂಶ ಬರೆಯುವವರು, ಮಡಿಕೇರಿ

ಸಿದ್ದಾಪುರದ ಅಕ್ಕನವರೇ, ಕೆಟ್ಟಿಲ್ಲ. ಆ ರೂಪದಲ್ಲಿ ಉಳಿಸಬೇಡಿ, ಮುಚ್ಚಿಬಿಡಿ. ಮೊಹರು ಇಲ್ಲದಿದ್ದರೆ ಎಕ್ಸೆಲ್ ಹಳೆಯ ಪಾಶ್ಚಾತ್ಯ ಸಂಕೇತ ಎಂದು ಊಹಿಸುತ್ತದೆ, ‘ಊ’ದ ಮೂರು ಬೈಟುಗಳನ್ನು ಮೂರು ಬೇರೆ ಅಕ್ಷರಗಳಾಗಿ ತೋರಿಸುತ್ತದೆ. ಹಾಳಾಗಿರುವುದು ನೋಟ, ಬೈಟುಗಳಲ್ಲ. `Data` ಮೆನುವಿನಿಂದ ಪಠ್ಯ ಫೈಲನ್ನು ಒಳತರುವಾಗ ಯುಟಿಎಫ್-8 ಎಂದು ಆರಿಸಿದರೆ ಕನ್ನಡ ಹಾಗೆಯೇ ಬರುತ್ತದೆ.

ಪೊನ್ನಂಪೇಟೆಯ ಅಕ್ಕ, ಇದನ್ನು ನೋಡಿದಿರಲ್ಲ. ಬೆಳೆಗಾರರ ಹಾಳೆಯಲ್ಲಿ ‘ತೆಗೆಯಿರಿ’ ಎಂದು ಬರೆಯಲೇಬೇಡಿ. ಅವರಿಗೆ ಅದು ಬೇಕು, ಪ್ರೋಗ್ರಾಮಿಗೆ ಬೇಡ. ಓದುವ ಪ್ರೋಗ್ರಾಂ ಬಿಟ್ಟು ಓದಲಿ. ಎಲ್ಲವನ್ನೂ ಸೇರಿಸಿದ ಫೈಲನ್ನು ಅವರಿಗೆ ಹಿಂದಿರುಗಿಸುವುದಿದ್ದರೆ ಬರೆಯುವಾಗಲೂ `utf-8-sig` ಕೊಡಿ, ಆಗ ಮೊಹರು ಮತ್ತೆ ಸೇರುತ್ತದೆ.

ಅನುವಾದಕಿ, ಪೊನ್ನಂಪೇಟೆ

ಎಲ್ಲರಿಗೂ ಧನ್ಯವಾದ. ಹಾಳೆಯನ್ನು ಎರಡಾಗಿಸಿದೆ. ಬೆಳೆಗಾರರದ್ದರಲ್ಲಿ: ‘ಫೈಲನ್ನು ಎಕ್ಸೆಲ್ ಉಳಿಸಿದಂತೆಯೇ ಕಳಿಸಿ, ಏನನ್ನೂ ತೆಗೆಯಬೇಡಿ.’ ಪ್ರೋಗ್ರಾಂ ನೋಡಿಕೊಳ್ಳುವವರದ್ದರಲ್ಲಿ: ‘ಫೈಲಿನ ಆರಂಭದಲ್ಲಿ ಬಿಒಎಂ ಗುರುತು ಇದ್ದರೆ, ಪಾರ್ಸ್ ಮಾಡುವ ಮೊದಲೇ ಅದನ್ನು ಬಿಟ್ಟು ಓದಿಸಿ.’ ‘ಬಿಡಿಸು’ ನನಗೂ ಇಷ್ಟ, ಆದರೆ ಅದೇ ವಾಕ್ಯದಲ್ಲಿ ‘ಬಿಟ್ಟು’ ಇರುವುದರಿಂದ ಎರಡೂ ಕಲಸಿಹೋಗುತ್ತವೆ.

ನಿವೃತ್ತ ಅಧ್ಯಾಪಕರು, ವಿರಾಜಪೇಟೆ

ಬಿಒಎಂ ಎಂಬುದರ ಕೊನೆಯ ಅಕ್ಷರವೇ ಗುರುತು. ‘ಬಿಒಎಂ ಗುರುತು’ ಎಂದರೆ ಗುರುತಿನ ಗುರುತು ಆಯಿತು. ಅಚ್ಚಿಗೆ ಹೋಗುವ ಮುನ್ನ ತಿದ್ದಿ.

ವಿದ್ಯಾರ್ಥಿ, ಕುಶಾಲನಗರ

ಎಲ್ಲರ ಫೈಲುಗಳನ್ನು `cat` ಬಳಸಿ ಮೊದಲೇ ಒಂದಾಗಿ ಜೋಡಿಸಿದ್ದರೆ? ಎರಡನೆಯ ಫೈಲಿನ ಮೊಹರು ನಡುವೆ ಸಿಕ್ಕಿಕೊಳ್ಳುತ್ತದೆಯಲ್ಲವೇ?

ತಂತ್ರಾಂಶ ಬರೆಯುವವರು, ಮಡಿಕೇರಿ

ಸಿಕ್ಕಿಕೊಳ್ಳುತ್ತದೆ. `utf-8-sig` ಮೊಟ್ಟಮೊದಲಿನದನ್ನು ಮಾತ್ರ ಬಿಡುತ್ತದೆ, ನಡುವಿನದು ಪಠ್ಯದಲ್ಲೇ ಉಳಿಯುತ್ತದೆ. ಜೋಡಿಸಿದ ಮೇಲೆ ಹುಡುಕುವುದಕ್ಕಿಂತ ಒಂದೊಂದೇ ಫೈಲನ್ನು ತೆರೆದು ಓದಿ ಆಮೇಲೆ ಜೋಡಿಸು. ಅಕ್ಕ, ನಿಮ್ಮ ಎರಡನೆಯ ಹಾಳೆಗೆ ಈ ಸಾಲನ್ನೂ ಸೇರಿಸಿ.