ಇಂಟರ್‌ವ್ಯೂನಲ್ಲಿ ‘ವೀಕ್‌ನೆಸ್ ಎಂತ’ ಅಂತ ಕೇಳಿದ್ರೆ ನಿಜ ಹೇಳುದಾ?

ಪ್ರಶ್ನೆ: ಆಡಿಟರ್ ಆಫೀಸಿನ ಸ್ಟಾಫ್, ಉಡುಪಿ
ಎರಡು ವರ್ಷದಿಂದ ಜಿಎಸ್‌ಟಿ ಕೆಲಸ ಮಾಡ್ತಿದ್ದೇನೆ. ಬೈಕಂಪಾಡಿಯ ಒಂದು ಕಂಪೆನಿಯಲ್ಲಿ ಅಕೌಂಟ್ಸ್ ಹುದ್ದೆಗೆ ಇಂಟರ್‌ವ್ಯೂ ಉಂಟು. ನಿಜ ಹೇಳುದಾದ್ರೆ ನನಗೆ ಪಾರ್ಟಿಗಳಿಗೆ ಫೋನ್ ಮಾಡಿ ಬಿಲ್ ಕೇಳ್ಲಿಕ್ಕೆ ಸಂಕೋಚ. ಅವರೇ ಕಳಿಸ್ತಾರೆ ಅಂತ ಕೊನೆಯವರೆಗೆ ಕಾಯ್ತಿದ್ದೆ. ಈಗ ಸ್ವಲ್ಪ ಸುಧಾರಿಸಿದ್ದೇನೆ. ಇದನ್ನು ಹೇಳಿದ್ರೆ ಕೆಲಸ ಹೋದ ಹಾಗೆಯಾ? ಸುಧಾರಿಸಿದ್ದನ್ನು ತೋರಿಸುದು ಹೇಗೆ?

ಸೇಲ್ಸ್ ಮ್ಯಾನೇಜರ್, ಸುರತ್ಕಲ್
ಎಂತಕ್ಕೆ ಇಷ್ಟು ತಲೆಬಿಸಿ ಮಾರಾಯ್ರೆ? ‘ನಾನು ಎಲ್ಲ ಪರ್ಫೆಕ್ಟ್ ಆಗ್ಬೇಕು ಅಂತ ಹಠ ಹಿಡೀತೇನೆ’ ಅಂತ ಹೇಳಿ, ಮುಗೀತು. ನನಗೆ ಕೆಲಸ ಸಿಕ್ಕಿದ್ದು ಹಾಗೆಯೇ. ಲೆಕ್ಕ ತಪ್ಪುತ್ತದೆ ಅಂತ ಮಾತ್ರ ಬಾಯಿ ಬಿಡ್ಬೇಡಿ.

ನೇಮಕಾತಿ ಕೆಲಸದಲ್ಲಿರುವವರು, ಮಂಗಳೂರು
ಸರ್ ಹೇಳಿದ ಕೊನೆಯ ಮಾತು ಸರಿ. ಹುದ್ದೆಗೆ ಬೇಕಾದ ಮೂಲ ಕೆಲಸವೇ ಬರುವುದಿಲ್ಲ ಅಂತ ಹೇಳಬಾರದು. ಆದರೆ ಆ ಪರ್ಫೆಕ್ಟ್ ಉತ್ತರವನ್ನು ನಾವು ಕೇಳಿ ಕೇಳಿ ಸುಸ್ತಾಗಿದ್ದೇವೆ. ‘ಅದರಿಂದ ಯಾವ ಕೆಲಸ ತಡವಾಯಿತು, ಒಂದು ಉದಾಹರಣೆ ಕೊಡಿ’ ಅಂದರೆ ಹತ್ತರಲ್ಲಿ ಒಂಬತ್ತು ಮಂದಿ ತಡವರಿಸುತ್ತಾರೆ.

ತಂಗೀ, ನಿಮ್ಮ ಸಂಕೋಚ ಹೇಳಬಹುದಾದ ವಿಷಯವೇ. ಮೊದಲು ಹುದ್ದೆಯ ವಿವರ ಇನ್ನೊಮ್ಮೆ ಓದಿ. ಗಿರಾಕಿಗಳಿಂದ ಬಾಕಿ ವಸೂಲಿಯೇ ಮುಖ್ಯ ಕೆಲಸ ಆಗಿದ್ದರೆ ಈ ಉದಾಹರಣೆ ಬಿಟ್ಟು ಬೇರೆ ಹುಡುಕಿ. ಬಿಲ್ ಎಂಟ್ರಿ, ಜಿಎಸ್‌ಟಿ, ಬ್ಯಾಂಕ್ ತಾಳೆ ಇಂಥದ್ದಾದರೆ ಧೈರ್ಯವಾಗಿ ಹೇಳಿ. ಅಲ್ಲಿಯೂ ಸಪ್ಲೈಯರ್‌ಗಳಿಗೆ ಫೋನ್ ಮಾಡುವುದು ಇದ್ದೇ ಇರುತ್ತದೆ, ಹಾಗಾಗಿ ಅವರು ಕೆದಕಿ ಕೇಳುತ್ತಾರೆ. ‘ಈಗ ಸ್ವಲ್ಪ ಸುಧಾರಿಸಿದ್ದೇನೆ’ ಅಂದರೆ ಅಲ್ಲಿ ಸಾಲುವುದಿಲ್ಲ. ಮೊದಲು ಹೇಗಿತ್ತು, ಎಂತ ಬದಲಾಯಿಸಿದಿರಿ, ಈಗ ಹೇಗುಂಟು ಅಂತ ನೋಡಿದರೆ ಗೊತ್ತಾಗುವ ಹಾಗೆ ಇರಬೇಕು.

ನಿಮ್ಮ ಅದೃಷ್ಟ, ನಿಮ್ಮ ಕೆಲಸಕ್ಕೆ ತಾರೀಕು ಉಂಟು. ತಿಂಗಳು ತಿಂಗಳು ಫೈಲ್ ಮಾಡುವವರಿಗೆ ಸಪ್ಲೈಯರ್‌ಗಳು ತೋರಿಸಿದ ಬಿಲ್‌ಗಳ ಪಟ್ಟಿ GSTR-2B ಬರುವುದು 14ಕ್ಕೆ, ತೆರಿಗೆ ಕಟ್ಟುವ ರಿಟರ್ನ್ GSTR-3Bಗೆ ಕೊನೆಯ ದಿನ 20. ಬಾರದ ಬಿಲ್‌ಗೆ ನೀವು 14ರ ಮರುದಿನವೇ ಫೋನ್ ಮಾಡುತ್ತೀರೋ 19ಕ್ಕೆ ಮಾಡುತ್ತೀರೋ ಅನ್ನುವುದರ ಮೇಲೆ ರಿಟರ್ನ್ ಯಾವತ್ತು ಹೋಗುತ್ತದೆ ಎಂಬುದು ನಿಂತಿದೆ. ಪೋರ್ಟಲ್‌ನ `Track Return Status`ನಲ್ಲಿ ಪ್ರತಿ ರಿಟರ್ನ್ ಫೈಲ್ ಆದ ದಿನ ಕಾಣುತ್ತದೆ. ನಿಮ್ಮ ಕೈಯಲ್ಲಿರುವ ಪಾರ್ಟಿಗಳಲ್ಲಿ ಎಷ್ಟು ಮಂದಿಯದ್ದು 19, 20ಕ್ಕೆ ಹೋಗಿದೆ, ಮೊದಲಿನ ಮೂರು ತಿಂಗಳು ಮತ್ತು ಈಗಿನ ಮೂರು ತಿಂಗಳು, ಎಣಿಸಿ ನೋಡಿ. ಫೋನ್ ಮಾಡುವ ಕ್ರಮದಲ್ಲಿ ಎಂತ ಬದಲಾಯಿಸಿದಿರಿ ಅಂತಲೂ ಬರೆಯಿರಿ.

ಡಿಗ್ರಿ ಫೈನಲ್ ಇಯರ್, ಕುಂದಾಪುರ
ಅಕ್ಕಾ, ನನಗೆ ಬೆನ್ನುನೋವು ಉಂಟು, ತುಂಬ ಹೊತ್ತು ಕೂತ್ಕೊಳ್ಳಿಕ್ಕೆ ಆಗುದಿಲ್ಲ. ಅದನ್ನೂ ವೀಕ್‌ನೆಸ್ ಅಂತ ಹೇಳ್ಬೇಕಾ?

ನೇಮಕಾತಿ ಕೆಲಸದಲ್ಲಿರುವವರು, ಮಂಗಳೂರು
ಬೇಡಪ್ಪ. ಆ ಪ್ರಶ್ನೆ ಕೆಲಸ ಮಾಡುವ ರೀತಿಯ ಬಗ್ಗೆ, ಆರೋಗ್ಯದ ಬಗ್ಗೆ ಅಲ್ಲ. ಬೇರೆ ಕುರ್ಚಿ ಬೇಕಾದರೆ ಕೆಲಸ ಸಿಕ್ಕಿದ ಮೇಲೆ ಕೇಳಿ.

ಆಡಿಟರ್ ಆಫೀಸಿನ ಸ್ಟಾಫ್, ಉಡುಪಿ
ಎಣಿಸಿದೆ ಮೇಡಂ. ನನ್ನ ಕೈಯಲ್ಲಿ 18 ಪಾರ್ಟಿ. ಜನವರಿಯಿಂದ ಮಾರ್ಚ್‌ವರೆಗಿನ ರಿಟರ್ನ್‌ಗಳಲ್ಲಿ ತಿಂಗಳಿಗೆ 11 ಮಂದಿಯದ್ದು 19 ಅಥವಾ 20ಕ್ಕೆ ಹೋಗ್ತಿತ್ತು. ಜುಲೈಯಿಂದ ಸೆಪ್ಟೆಂಬರ್‌ವರೆಗಿನದ್ದರಲ್ಲಿ ತಿಂಗಳಿಗೆ 4.

ಬದಲಾಯಿಸಿದ್ದು ಇಷ್ಟೇ. ಮೊದಲು ‘ಸರ್, ಬಿಲ್ ಕಳಿಸಿ’ ಅಂತ ಮೆಸೇಜ್ ಹಾಕಿ ಸುಮ್ಮನಿರ್ತಿದ್ದೆ. ಅವರೂ ಸುಮ್ಮನೆ. ಈಗ 2B ಬಂದ ಮರುದಿನ ಅದರಲ್ಲಿದ್ದು ನಮಗೆ ಬಾರದ ಬಿಲ್‌ಗಳನ್ನು ನೋಟ್‌ಬುಕ್‌ನಲ್ಲಿ ಬರೀತೇನೆ: ಪಾರ್ಟಿ, ಸಪ್ಲೈಯರ್, ಬಿಲ್ ನಂಬರ್, ಫೋನ್ ಮಾಡಿದ ದಿನ. ‘ಸರ್, ಈ ಮೂರು ಬಿಲ್ ಬರ್ಲಿಲ್ಲ, ನಂಬರ್ ವಾಟ್ಸಾಪ್ ಮಾಡಿದ್ದೇನೆ’ ಅಂತ ಹೇಳುದು ಅಷ್ಟು ಕಷ್ಟ ಆಗುದಿಲ್ಲ. ಕೇಳುದು ನಾನಲ್ಲ, ಆ ಪಟ್ಟಿ ಅನ್ನಿಸ್ತದೆ. ಸ್ವಲ್ಪ ಜೋರು ಮಾತಾಡುವ ಇಬ್ಬರು ಇದ್ದಾರೆ, ಅವರಿಗೆ ಈಗಲೂ ತಡ ಮಾಡಿಯೇ ಫೋನ್ ಮಾಡುದು.

ಚಾರ್ಟರ್ಡ್ ಅಕೌಂಟೆಂಟ್, ಮಂಗಳೂರು
ಒಂದು ಡೌಟ್. ಈ ನಡುವೆ ಯಾರಾದ್ರೂ ಕ್ಯುಆರ್‌ಎಂಪಿ ಸ್ಕೀಮಿಗೆ ಹೋಗಿದ್ದಾರಾ? ಅವರದ್ದು 3B ಮೂರು ತಿಂಗಳಿಗೊಮ್ಮೆ, ನಮ್ಮ ರಾಜ್ಯಕ್ಕೆ ಕೊನೆಯ ದಿನ 22. ಅವರು ತಿಂಗಳ ಲೆಕ್ಕದಿಂದ ಬಿಟ್ಟುಹೋದ್ರೆ ನೀವು ಎಂತ ಮಾಡದಿದ್ರೂ ಸಂಖ್ಯೆ ಇಳೀತದೆ. ಇಂಟರ್‌ವ್ಯೂ ಮಾಡುವವರಲ್ಲಿ ಜಿಎಸ್‌ಟಿ ಗೊತ್ತಿದ್ದವರು ಇದ್ರೆ ಮೊದಲು ಹಿಡಿಯುದು ಅದನ್ನೇ.

ಆಡಿಟರ್ ಆಫೀಸಿನ ಸ್ಟಾಫ್, ಉಡುಪಿ
ಹೌದು ಸರ್, ಏಪ್ರಿಲ್‌ನಿಂದ ಮೂವರು ಹೋಗಿದ್ದಾರೆ. ಅದರಲ್ಲಿ ಇಬ್ಬರು ಆ 11ರಲ್ಲಿ ಇದ್ದವರು.

ಚಾರ್ಟರ್ಡ್ ಅಕೌಂಟೆಂಟ್, ಮಂಗಳೂರು
ಹಾಗಾದ್ರೆ ಉಳಿದ 15 ಮಂದಿಯದ್ದು ಮಾತ್ರ ಹೇಳಿ. ಮೊದಲು 9, ಈಗ 4. ಆ ನಾಲ್ಕು ಎಂತಕ್ಕೆ ಉಳೀತು ಅಂತಲೂ ನೋಡಿ. ಬಿಲ್ ಎಲ್ಲ ಕೊಟ್ಟು ತೆರಿಗೆ ಹಣ ಮಾತ್ರ 20ಕ್ಕೇ ಕಟ್ಟುವವರು ಇರ್ತಾರೆ, ಅದು ನಿಮ್ಮ ಸಂಕೋಚದ ಲೆಕ್ಕ ಅಲ್ಲ.

ಆಡಿಟರ್ ಆಫೀಸಿನ ಸ್ಟಾಫ್, ಉಡುಪಿ
ಇಬ್ಬರು ಹಾಗೆಯೇ ಸರ್. ಉಳಿದ ಇಬ್ಬರು ನಾನು ಹೇಳಿದ ಜೋರಿನವರು!

ನೇಮಕಾತಿ ಕೆಲಸದಲ್ಲಿರುವವರು, ಮಂಗಳೂರು
ಸರ್ ಆ ಮಾತು ಎತ್ತಿದ್ದು ಒಳ್ಳೆಯದಾಯಿತು, ಅದು ನನಗೆ ಹೊಳೆಯುತ್ತಿರಲಿಲ್ಲ. ಈಗ ಹೀಗೆ ಹೇಳಿ ನೋಡಿ:

‘ಬೇರೆಯವರಿಂದ ಕಾಗದಪತ್ರ ಕೇಳಿ ತರಿಸಲಿಕ್ಕೆ ನನಗೆ ಸಂಕೋಚ ಇತ್ತು. ನಾನು ನೋಡುವ 15 ಪಾರ್ಟಿಗಳಲ್ಲಿ 9 ಮಂದಿಯ 3B ಕೊನೆಯ ಎರಡು ದಿನಕ್ಕೆ ಹೋಗುತ್ತಿತ್ತು. ಆಮೇಲೆ 2B ಬಂದ ಮರುದಿನವೇ ಬಾರದ ಬಿಲ್‌ಗಳ ನಂಬರ್ ಪಟ್ಟಿ ಮಾಡಿ, ಅದನ್ನು ಕಳಿಸಿ ಫೋನ್ ಮಾಡಲಿಕ್ಕೆ ಶುರು ಮಾಡಿದೆ. ಕಳೆದ ಮೂರು ತಿಂಗಳಿಂದ ಅದು 4 ಆಗಿದೆ. ಅದರಲ್ಲಿ ಇಬ್ಬರು ಹಣ ಕೊನೆಯ ದಿನವೇ ಕಟ್ಟುವವರು. ಇನ್ನಿಬ್ಬರಿಗೆ ಫೋನ್ ಮಾಡಲಿಕ್ಕೆ ನಾನು ಈಗಲೂ ತಡ ಮಾಡುತ್ತೇನೆ, ಅದು ಇನ್ನೂ ಸರಿಯಾಗಬೇಕು.’

ಇದಕ್ಕಿಂತ ಉದ್ದ ಬೇಡ. ಆ ಕೊನೆಯ ವಾಕ್ಯವನ್ನು ನಾಚಿಕೆಯಿಂದ ನುಂಗಬೇಡಿ. ‘ಪೂರ್ತಿ ಸರಿಯಾಯಿತು’ ಅಂದರೆ ನಾನಾದರೂ ನಂಬುವುದಿಲ್ಲ. ಮುಂದಿನ ಪ್ರಶ್ನೆ ‘ಆ ಇಬ್ಬರಿಗೆ ಎಂತ ಮಾಡುತ್ತೀರಿ’ ಅಂತ ಬರುತ್ತದೆ, ಅದಕ್ಕೆ ಉತ್ತರ ಇಟ್ಟುಕೊಳ್ಳಿ. ಮತ್ತೆ, ಯಾರದ್ದಾದರೂ ರಿಟರ್ನ್ 20 ದಾಟಿ ಲೇಟ್ ಫೀ ಬಿದ್ದಿದ್ದರೆ ಅದನ್ನೂ ಹೇಳಿಬಿಡಿ, ಕತೆಗೆ ತೂಕ ಬರುತ್ತದೆ.

ಚಾರ್ಟರ್ಡ್ ಅಕೌಂಟೆಂಟ್, ಮಂಗಳೂರು
ಅದಕ್ಕೆ ನನ್ನ ಒಪ್ಪಿಗೆ ಇಲ್ಲ ಮೇಡಂ. ದಿನಕ್ಕೆ 50 ರೂಪಾಯಿ ದೊಡ್ಡ ಮೊತ್ತ ಅಲ್ಲ, ಆದ್ರೆ ಅದು ಪಾರ್ಟಿಯ ಮತ್ತು ಆಫೀಸಿನ ಮಧ್ಯದ ವಿಷಯ. ಹಳೇ ಆಫೀಸಿನದ್ದನ್ನು ಹೊರಗೆ ಹೇಳುವವರು ನಮ್ಮದನ್ನೂ ಹೇಳಿಯಾರು ಅಂತ ನಾನಾದ್ರೆ ಯೋಚಿಸ್ತೇನೆ.

ನೇಮಕಾತಿ ಕೆಲಸದಲ್ಲಿರುವವರು, ಮಂಗಳೂರು
ಹೆಸರು ಹೇಳದಿದ್ದರೆ ತೊಂದರೆ ಎಂತ ಸರ್? ನಾನು ನೋಡುವುದು ತಡವಾದದ್ದರ ಬೆಲೆ ಇವರಿಗೆ ಗೊತ್ತುಂಟಾ ಅಂತ.

ಸೇಲ್ಸ್ ಮ್ಯಾನೇಜರ್, ಸುರತ್ಕಲ್
ನೀವಿಬ್ಬರು ಸೇರಿ ಅವರನ್ನು ಹೆದರಿಸ್ತಿದ್ದೀರಿ ಅಷ್ಟೇ. ಎಲ್ಲರಿಗೂ ಹೀಗೆ ಎಣಿಸುವಂಥ ಕೆಲಸ ಇರುದಿಲ್ಲ. ಸೇಲ್ಸ್‌ನಲ್ಲಿ ಸಿಟ್ಟು ಬರುದನ್ನು ಎಂತ ಎಣಿಸುದು?

ಆಡಿಟರ್ ಆಫೀಸಿನ ಸ್ಟಾಫ್, ಉಡುಪಿ
ಲೇಟ್ ಫೀ ವಿಷಯ ನಾನಾಗಿ ಎತ್ತುದಿಲ್ಲ, ಕೇಳಿದ್ರೆ ನೋಡುವ. ಪೋರ್ಟಲ್‌ನ ಸ್ಕ್ರೀನ್‌ಶಾಟ್ ಮೊಬೈಲ್‌ನಲ್ಲಿ ತೆಕ್ಕೊಂಡು ಹೋಗಿ ತೋರಿಸ್ಬಹುದಾ ಸರ್?

ಚಾರ್ಟರ್ಡ್ ಅಕೌಂಟೆಂಟ್, ಮಂಗಳೂರು
ಖಂಡಿತ ಬೇಡ. ಅದರಲ್ಲಿ ಪಾರ್ಟಿಯ ಜಿಎಸ್‌ಟಿ ನಂಬರ್ ಇರ್ತದೆ. ಸಂಖ್ಯೆ ಬಾಯಲ್ಲಿ ಹೇಳಿದ್ರೆ ಸಾಕು. ತೋರಿಸ್ಲೇಬೇಕು ಅಂದ್ರೆ ನೋಟ್‌ಬುಕ್‌ನಲ್ಲಿ ಮಾಡಿದ ಹಾಗೆ ಒಂದು ಖಾಲಿ ಹಾಳೆಯಲ್ಲಿ ಕಾಲಮ್ ಎಳೆದು ತೋರಿಸಿ. ಆ ನೋಟ್‌ಬುಕ್ ನಿಮ್ಮ ಬ್ಯಾಗಿನಲ್ಲಿ ಹೋಗುದು ಬೇಡ.