ಅಪ್‌ಡೇಟ್: ಎದುರು ಸೀಟಿನಲ್ಲಿ ಕೂರುತ್ತಿದ್ದ ಮಾಜಿ

ಅವತ್ತು ನಾನು ಕೇಳಿದ್ದು: "3 ವರ್ಷದ ಪ್ರೀತಿ ಮುರಿದುಬಿತ್ತು. ಅವನೂ ನನ್ನದೇ ಟೀಮು, ಎದುರು ಸೀಟು. ಕೆಲಸ ಬಿಟ್ಟುಬಿಡಲಾ?"

4 ತಿಂಗಳಾಯ್ತು, ಬಿಟ್ಟಿಲ್ಲ. ನೋಟಿಸ್ ಪೀರಿಯಡ್ಡೇ 90 ದಿನ. ರಾಜೀನಾಮೆ ಕೊಟ್ಟರೂ ಮೂರು ತಿಂಗಳು ಅವನ ಮುಖ ನೋಡಲೇಬೇಕಿತ್ತು.

ನಿಜವಾಗಿ ನೋಯಿಸಿದ್ದು ಸೀಟಲ್ಲ, ಕೋಡ್ ರಿವ್ಯೂ. ನನ್ನ ಕೋಡನ್ನು ನೋಡಿ ಒಪ್ಪಿಗೆ ಕೊಡಬೇಕಾದವನು ಅವನೇ. ಒಂದು ಸಲ 14 ಕಾಮೆಂಟ್ ಹಾಕಿದ್ದ. ಸೇಡು ತೀರಿಸ್ಕೊಳ್ತಿದ್ದಾನೆ ಅಂತ ಬಾತ್‌ರೂಮಿಗೆ ಹೋಗಿ ಅತ್ತೆ. ಪಕ್ಕದ ಸೀನಿಯರ್ ಅಕ್ಕನಿಗೆ ತೋರಿಸಿದರೆ, "ಹನ್ನೆರಡು ಸರಿಯಾಗೇ ಇವೆ ಕಣೇ, ಎರಡು ಮಾತ್ರ ಕೊಂಕು" ಅಂದರು. ಆಗಲೇ ಗೊತ್ತಾಯ್ತು, ಯಾವುದು ಕೆಲಸ ಯಾವುದು ಕೋಪ ಅಂತ ಬೇರೆ ಮಾಡೋ ಸ್ಥಿತಿಯಲ್ಲಿ ನಾನಿಲ್ಲ.

ಮರುದಿನವೇ ಮ್ಯಾನೇಜರ್ ಹತ್ತಿರ ಹೋದೆ. ಕಥೆ ಹೇಳಲಿಲ್ಲ. "ಸರ್, ವೈಯಕ್ತಿಕ ಕಾರಣ ಇದೆ. ನಮ್ಮಿಬ್ಬರ ರಿವ್ಯೂ ಬೇರೆಯವರಿಗೆ ಕೊಡಿ, ನನ್ನ ಸೀಟು ಬದಲಿಸಿ" ಅಂದೆ, ಅಷ್ಟೇ. ಅವರೂ ಕೆದಕಲಿಲ್ಲ. (ಅವರಿಗೆ ಮೊದಲೇ ಗೊತ್ತಿತ್ತು ಅನ್ಸುತ್ತೆ. ಇಡೀ ಫ್ಲೋರಿಗೇ ಗೊತ್ತಿತ್ತು.) ವಾರದೊಳಗೆ ಎರಡೂ ಆಯ್ತು.

ಆಫೀಸ್ ಕ್ಯಾಬ್ ಬಿಟ್ಟು ಮೆಟ್ರೋ ಹಿಡಿದೆ. ನಡೆಯೋದು ಜಾಸ್ತಿ, ಆದರೆ ಒಂದು ಗಂಟೆ ಅವನ ಪಕ್ಕ ಕೂರೋ ಹಿಂಸೆ ಇಲ್ಲ.

ಎಡವಿದ್ದೂ ಇದೆ. ಯಾರದೋ ಬೀಳ್ಕೊಡುಗೆ ಪಾರ್ಟಿಯಲ್ಲಿ ಅವನ ಹತ್ತಿರ ಹೋಗಿ "ಯಾಕೆ ಹೀಗೆ ಮಾಡಿದೆ?" ಅಂತ ಕೇಳಿಬಿಟ್ಟೆ. ಉತ್ತರ ಸಿಗಲಿಲ್ಲ, ಸೋಮವಾರ ಗುಸುಗುಸು ಮಾತ್ರ ಸಿಕ್ಕಿತು.

ಬೇರೆ ಟೀಮಿಗೆ ಅರ್ಜಿ ಹಾಕಲು ನಮ್ಮಲ್ಲಿ ಒಂದು ವರ್ಷ ತುಂಬಿರಬೇಕು. ನನಗೆ ಮುಂದಿನ ತಿಂಗಳು ತುಂಬುತ್ತೆ. ಅರ್ಜಿ ಬರೆದಿಟ್ಟಿದ್ದೀನಿ. ಕಳಿಸ್ತೀನೋ ಇಲ್ವೋ, ಈಗ ಅಷ್ಟು ಅವಸರ ಅನ್ನಿಸ್ತಿಲ್ಲ.