ಅಪ್‌ಡೇಟ್: ಸ್ಕೂಟರೇ ಆಯ್ತು, ಆದ್ರ ಕ್ಲಚ್ ಮರೀಬ್ಯಾಡ್ರಿ

ನನ್ನ ಪ್ರಶ್ನೆ: “ಹಿರೇಬಾಗೇವಾಡಿಯಿಂದ ಬೆಳಗಾವಿ ಉದ್ಯಮಬಾಗಕ್ಕ ದಿನಾ ಹೋಗಿ ಬರೂದೈತಿ. ಸ್ಕೂಟರೋ, ಗೇರ್ ಬೈಕೋ?”

125 ಸಿಸಿ ಸ್ಕೂಟರ್ ತಗೊಂಡೆ. ಬರೀ ಹೈವೇ ಇದ್ದಿದ್ರ ದೊಡ್ಡ ಗಾಲಿಯ ಬೈಕೇ ಸೈ. ಆದ್ರ ಊರೊಳಗಿನ ಗಾಡಿ ಸಾಲಿನ್ಯಾಗ ಕ್ಲಚ್ ಹಿಡಿದು ಹಿಡಿದು ಎಡಗೈ ಸೋಲತೈತಿ.

ಸ್ಕೂಟರಿಗೂ ಒಳಗ ಕ್ಲಚ್ ಇರತೈತ್ರಿ. ಸ್ವಲ್ಪೇ ಆಕ್ಸಿಲರೇಟರ್ ಕೊಟ್ಟು ಇಂಚಿಂಚು ಸರಿದ್ರ ಕ್ಲಚ್ ಶೂ ಪೂರಾ ಹಿಡಿಯೂದಿಲ್ಲ. ಜಾರಿ, ಬಿಸಿಯಾಗಿ, ಶೂ ಮುಖ ಗಾಜಿನಂಗ ನುಣುಪಾಗತೈತಿ. ಆಗ ನಿಂತ ಗಾಡಿ ಎತ್ತುವಾಗ ಗಡಗಡ ನಡುಗತೈತಿ, ವೇಗ ಬಂದ ಮ್ಯಾಲೆ ಆ ನಡುಕ ನಿಲ್ಲತೈತಿ. ಅದಕ್ಕ ಮುಂದ ಒಂದಿಷ್ಟು ಜಾಗ ಆಗೂತನಕ ಆಕ್ಸಿಲರೇಟರ್ ಪೂರಾ ಬಿಟ್ಟು ನಿಲ್ಲೂದು, ಆಮೇಲೆ ಒಮ್ಮೆಗೇ ಸರಿಯೂದು.

ನಡುಕ ಶುರುವಾದ್ರ ಕವರ್ ಬಿಚ್ಚಿಸಿ ಧೂಳು ತೆಗೆಸ್ರಿ, ಶೂಗೆ ಉಜ್ಜುಕಾಗದ ಹಾಕಿಸ್ರಿ. ಸವೆದ ಶೂ ಇದ್ರ ಉಜ್ಜೂದು ದಂಡ, ಬದಲಿಸೂದೇ. ಬಿಚ್ಚಿದಾಗ ಬೆಲ್ಟಿನ ಬಿರುಕೂ ನೋಡಿಬಿಡ್ರಿ.